ಬ್ರೋಷರ್ ಕೆಟ್ಟಿದೆ ಎಂದು ಬರೆಯುವುದು ಹೇಗೆ?

‘ನೀವು ಕಳಿಸಿದ ಬ್ರೋಷರ್ ಸರಿಯಿಲ್ಲ’ ಎಂದಷ್ಟೇ ಬರೆದರೆ, ‘ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿದೆಯಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಅದು ನಿಜವೂ ಇರಬಹುದು. ವಿನ್ಯಾಸ ಮಾಡಿದವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇದೆ, ಪಿಡಿಎಫ್ ಒಳಗೆ ಅದನ್ನು ಸೇರಿಸಿಲ್ಲ. ನಾವು ತೆರೆದಾಗ ಬೇರೊಂದು ಫಾಂಟ್ ಅದರ ಜಾಗಕ್ಕೆ ಬರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್ ಬಳಸಿದ್ದರಂತೂ ಕನ್ನಡವೇ ಮಾಯವಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ.

ಹಾಗಾಗಿ ಪತ್ರಕ್ಕೆ ಮೊದಲು ಪುರಾವೆ ಬೇಕು. ಅಕ್ರೊಬ್ಯಾಟ್ ರೀಡರಿನಲ್ಲಿ Ctrl+D ಒತ್ತಿ Fonts ಪುಟ ನೋಡಿ. ಯಾವ ಫಾಂಟಿನ ಮುಂದೆ Embedded ಅಥವಾ Embedded Subset ಎಂದಿಲ್ಲವೋ ಅದೇ ಕಾಣೆಯಾದದ್ದು. ಆ ಪರದೆಯ ಚಿತ್ರವನ್ನು ಪತ್ರಕ್ಕೆ ಲಗತ್ತಿಸಿ.

ಚಿತ್ರದ ತಕರಾರನ್ನು ಲೆಕ್ಕದಲ್ಲೇ ಹೇಳಬೇಕು. ಉದಾಹರಣೆಗೆ ಹೀಗೆ: ‘ಮುಖಪುಟದ ಫೋಟೋ 8 ಇಂಚು ಅಗಲ ಮುದ್ರಣವಾಗಬೇಕು, ಅದರಲ್ಲಿರುವುದು 800 ಪಿಕ್ಸೆಲ್. ಇಂಚಿಗೆ 100 ಮಾತ್ರ ಆಯಿತು. ಮುದ್ರಣಕ್ಕೆ ಸಾಮಾನ್ಯವಾಗಿ ಕೇಳುವ 300ಕ್ಕೆ 2400 ಪಿಕ್ಸೆಲ್ ಬೇಕು. ಇದೇ ಚಿತ್ರವನ್ನು ಹಿಗ್ಗಿಸಬೇಡಿ, ನಾವು ಕೊಟ್ಟ ಮೂಲ ಫೋಟೋ ಹಾಕಿ.’ ಹಿಗ್ಗಿಸಿದರೆ ಸಂಖ್ಯೆ ಬೆಳೆಯುತ್ತದೆಯೇ ಹೊರತು ಕಳೆದುಹೋದ ವಿವರ ಮರಳುವುದಿಲ್ಲ. ಆದರೆ ನಾವೇ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿದ ಫೋಟೋ ಕಳಿಸಿದ್ದರೆ ಈ ತಪ್ಪು ಅವರದಲ್ಲ. ಪತ್ರಕ್ಕೆ ಮುನ್ನ ಅದನ್ನು ನೋಡಿಕೊಳ್ಳುವುದು ನ್ಯಾಯ.

ಕೊನೆಗೆ ಬೇಡಿಕೆ: ಎಲ್ಲ ಫಾಂಟ್ ಒಳಗಿರಲೇಬೇಕೆಂಬ ನಿಯಮವಿರುವ ಪಿಡಿಎಫ್/ಎಕ್ಸ್-4 ಮಾದರಿಯ ಹೊಸ ಕಡತ, ಅದನ್ನು ಕಳಿಸಬೇಕಾದ ದಿನಾಂಕ, ಮತ್ತು ಅದು ಸರಿಯೆಂದು ಖಚಿತವಾದ ಮೇಲೆಯೇ ಬಾಕಿ ಹಣ ಎಂಬ ಮಾತು.