ಗೋಡೆ ಏಳುವ ಮೊದಲೇ ಬಡ್ಡಿ

ಬೆಂಗಳೂರಿನಲ್ಲಿ ಕಟ್ಟುತ್ತಿರುವ ಫ್ಲ್ಯಾಟಿಗೆ ಒಬ್ಬರು ಶೇ 8.5ರ ಬಡ್ಡಿಗೆ 60 ಲಕ್ಷ ರೂಪಾಯಿ ಸಾಲ ಪಡೆದರೆನ್ನಿ. ಬ್ಯಾಂಕು ಅಷ್ಟನ್ನೂ ಒಮ್ಮೆಗೇ ಕೊಡುವುದಿಲ್ಲ. ಕೆಲಸ ಮುಂದುವರಿದಂತೆ ಕಂತುಕಂತಾಗಿ ನೇರವಾಗಿ ಬಿಲ್ಡರ್‌ಗೆ ಕಳಿಸುತ್ತದೆ.

ತಳಪಾಯಕ್ಕೆ 12 ಲಕ್ಷ ಹೋದರೆ ತಿಂಗಳಿಗೆ ಬಡ್ಡಿ 8,500. ಒಟ್ಟು 36 ಲಕ್ಷ ಹೋದಾಗ ಅದು 25,500. ಇದೇ ಪ್ರೀ-ಇಎಂಐ. ಇದರಲ್ಲಿ ಅಸಲಿಗೆ ಒಂದು ಪೈಸೆಯೂ ಜಮೆಯಾಗುವುದಿಲ್ಲ.

ಪೆಟ್ಟು ಬೀಳುವುದು ಕೆಲಸ ನಿಂತಾಗ. ಆ ಹಂತದಲ್ಲೇ ಒಂದು ವರ್ಷ ತಡವಾದರೆ 3,06,000 ರೂಪಾಯಿ ಬಡ್ಡಿಗೇ ಹೋಗುತ್ತದೆ, ಮನೆಬಾಡಿಗೆ ಬೇರೆ. ಅಸಲು ಮಾತ್ರ 36 ಲಕ್ಷವೇ!

ಹಾಗಾಗಿ ಬಿಲ್ಡರ್‌ನ ಡಿಮ್ಯಾಂಡ್ ಪತ್ರದಲ್ಲಿ ‘ಐದನೇ ಸ್ಲ್ಯಾಬ್’ ಎಂದಿದ್ದರೆ, ಹಣ ಬಿಡುಗಡೆಗೆ ಒಪ್ಪುವ ಮುನ್ನ ಸೈಟಿಗೆ ಹೋಗಿ ಸ್ಲ್ಯಾಬ್ ಎಣಿಸಲೇಬೇಕು. ಒಪ್ಪಂದದ ದಿನಾಂಕ ಮೀರಿದರೆ, ಫ್ಲ್ಯಾಟ್ ಉಳಿಸಿಕೊಂಡೇ ತಡವಾದ ಪ್ರತಿ ತಿಂಗಳಿಗೂ ಬಿಲ್ಡರ್‌ನಿಂದ ಬಡ್ಡಿ ಕೇಳಲು ರೇರಾ ಕಾಯ್ದೆಯ 18ನೇ ಸೆಕ್ಷನ್ ಅವಕಾಶ ಕೊಡುತ್ತದೆ.