ಮೂಗು ಮುಚ್ಚಿದರೆ ಸ್ವಾದವೇಕೆ ಮರೆಯಾಗುತ್ತದೆ?

ನೆಗಡಿ ಹಿಡಿದಾಗ ಸಾರು ಸಪ್ಪೆಯೆನಿಸುತ್ತದೆ, ಕಾಫಿ ಬರಿಯ ಕಹಿನೀರಾಗುತ್ತದೆ. “ನಾಲಗೆ ಕೆಟ್ಟಿದೆ” ಎಂದು ನಾವು ಹೇಳಿಕೊಳ್ಳುತ್ತೇವೆ. ವಾಸ್ತವವಾಗಿ ಅಂಥ ಸಮಯದಲ್ಲಿ ನಾಲಗೆ ತನ್ನ ಕೆಲಸವನ್ನು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತಿರುತ್ತದೆ. ಕೆಲಸ ನಿಲ್ಲಿಸಿರುವುದು ಮೂಗು. ಈ ಮಾತನ್ನು ಒಂದು ಸುಲಭವಾದ ಪ್ರಯೋಗದಿಂದ ಮನಗಾಣಬಹುದು.

ಎರಡು ಏಲಕ್ಕಿಗಳ ಕಾಳನ್ನು ಒಂದು ಚಮಚ ಸಕ್ಕರೆಯೊಡನೆ ನುಣ್ಣಗೆ ಪುಡಿಮಾಡಿ ಇಟ್ಟುಕೊಳ್ಳೋಣ. ಮೊದಲು ಮೂಗಿನ ಹೊಳ್ಳೆಗಳನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದು, ಅನಂತರ ಒಂದು ಚಿಟಿಕೆ ಪುಡಿಯನ್ನು ನಾಲಗೆಯ ಮೇಲಿರಿಸಿಕೊಂಡು ಚಪ್ಪರಿಸಬೇಕು. ಸಿಹಿ ಕೂಡಲೇ ತಿಳಿಯುತ್ತದೆ. ಒಂದಿಷ್ಟು ತಂಪು ಅಥವಾ ಚುರುಕು ಸಹ ತೋರಬಹುದು. ಆದರೆ ಏಲಕ್ಕಿಯೆಂಬುದು ಎಲ್ಲಿಯೂ ಇಲ್ಲ! ಹತ್ತರವರೆಗೆ ಎಣಿಸಿ ಬೆರಳು ತೆಗೆದು ಮೂಗಿನಿಂದ ಉಸಿರು ಬಿಟ್ಟರೆ, ಏಲಕ್ಕಿ ಒಮ್ಮೆಗೇ ಬಾಯಿತುಂಬ ಹರಡಿಕೊಳ್ಳುತ್ತದೆ. ಈ ನಡುವೆ ಬಾಯಿಗೆ ನಾವು ಹೊಸದೇನನ್ನೂ ಹಾಕಲಿಲ್ಲ. ಹಾಗಾದರೆ ಅದು ಎಲ್ಲಿಂದ ಬಂದಿತು?

ನಾಲಗೆಯ ಸಾಮರ್ಥ್ಯ ಪರಿಮಿತವಾದುದು. ಅದರ ಮೇಲಿನ ರುಚಿಮೊಗ್ಗುಗಳು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಜಪಾನೀಯರು ‘ಉಮಾಮಿ’ ಎಂದು ಕರೆದ ರುಚಿ, ಈ ಐದನ್ನು ಗುರುತಿಸುತ್ತವೆ. ಟೊಮೇಟೊ, ಅಣಬೆ ಮೊದಲಾದವುಗಳಲ್ಲಿ ಉಮಾಮಿ ವಿಶೇಷವಾಗಿ ಕಂಡುಬರುತ್ತದೆ. ಮೆಣಸಿನಕಾಯಿಯ ಖಾರವು ಈ ಪಟ್ಟಿಗೆ ಸೇರದು. ಅದು ಉರಿ ಮತ್ತು ನೋವುಗಳನ್ನು ತಿಳಿಸುವ ಬೇರೊಂದು ನರದ ಸುದ್ದಿ. ಏಲಕ್ಕಿಯ ತಂಪೂ ಅದೇ ನರದ ಮೂಲಕ ಬರುವುದರಿಂದಲೇ ಮೂಗು ಮುಚ್ಚಿದ್ದಾಗಲೂ ತಿಳಿಯುತ್ತದೆ.

ಮೂಗಿನ ಸಂಪತ್ತು ಇದಕ್ಕಿಂತ ಬಹಳ ದೊಡ್ಡದು. ಮೂಗಿನ ಕುಹರದ ಮೇಲ್ಭಾಗದಲ್ಲಿರುವ ಕೆಲವೇ ಚದರ ಸೆಂಟಿಮೀಟರಿನ ಪೊರೆಯಲ್ಲಿ ವಾಸನೆಯನ್ನು ಅರಿಯುವ ನರಕೋಶಗಳಿವೆ. ಮಾನವನಲ್ಲಿ ಇವುಗಳ ಗ್ರಾಹಕಗಳು ಸುಮಾರು 400 ಬಗೆಯವು. ಒಂದು ವಾಸನೆಯು ಹಲವು ಬಗೆಯ ಗ್ರಾಹಕಗಳನ್ನು ಒಟ್ಟಿಗೆ ಎಚ್ಚರಿಸುವುದರಿಂದ, ವೀಣೆಯ ಕೆಲವೇ ತಂತಿಗಳಿಂದ ಅನೇಕ ರಾಗಗಳು ಹೊಮ್ಮುವಂತೆ, ಅಸಂಖ್ಯ ವಾಸನೆಗಳು ಬೇರೆಬೇರೆಯಾಗಿ ತಿಳಿಯುತ್ತವೆ. ಈ ಗ್ರಾಹಕಗಳ ಜೀನುಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಪೊರೆಯನ್ನು ತಲುಪಲು ಎರಡು ದಾರಿಗಳಿವೆ. ಹೂವನ್ನು ಮೂಸುವಾಗ ಗಾಳಿಯು ಹೊಳ್ಳೆಗಳ ಮೂಲಕ, ಮುಂಬಾಗಿಲಿನಿಂದ, ಒಳಗೆ ಹೋಗುತ್ತದೆ. ಉಣ್ಣುವಾಗ ತೆರೆಯುವುದು ಹಿತ್ತಿಲ ಬಾಗಿಲು. ಅಗಿದ ಆಹಾರದಿಂದ ಎದ್ದ ಆವಿಯು, ನುಂಗಿದೊಡನೆ ನಾವು ಬಿಡುವ ಉಸಿರಿನಲ್ಲಿ ಬೆರೆತು, ಗಂಟಲಿನ ಹಿಂಭಾಗದಿಂದ ಮೇಲೇರಿ ಮೂಗನ್ನು ಸೇರುತ್ತದೆ. ಹೊಳ್ಳೆಗಳನ್ನು ಹಿಡಿದಾಗ ಉಸಿರು ಹೊರಹೋಗಲಾರದೆ ಈ ಪ್ರವಾಹ ನಿಂತುಹೋಗುತ್ತದೆ. ಪ್ರಯೋಗದಲ್ಲಿ ಏಲಕ್ಕಿ ಅಡಗಿದ್ದು ಹೀಗೆ.

ಆದರೂ ಏಲಕ್ಕಿ ನಮಗೆ ಬಾಯಲ್ಲಿಯೇ ಇರುವಂತೆ ಭಾಸವಾಗುವುದು ಮಿದುಳಿನ ಕೆಲಸ. ನಾಲಗೆಯ ರುಚಿ, ಹಿಂದಿನಿಂದ ಬಂದ ವಾಸನೆ ಮತ್ತು ಬಾಯಿಯೊಳಗಿನ ಸ್ಪರ್ಶ ಇವು ಒಂದೇ ಕಾಲಕ್ಕೆ ಬಂದಾಗ, ಮಿದುಳು ಅವನ್ನು ಒಂದೇ ವಸ್ತುವಿನ ಗುಣಗಳೆಂದು ಎಣಿಸಿ, ತುತ್ತು ಇರುವ ಸ್ಥಳಕ್ಕೆ ಆರೋಪಿಸುತ್ತದೆ. ಕಣ್ಣುಗುಳಿಗಳ ಮೇಲ್ಭಾಗದಲ್ಲಿ ಹರಡಿರುವ ಮಿದುಳಿನ ಹೊರಪದರವು ಈ ಸುದ್ದಿಗಳು ಕೂಡುವ ಮುಖ್ಯ ಸ್ಥಳ.

ಈ ಕೂಡಿಕೆ ಬರಿಯ ಸಂಕಲನವಲ್ಲ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿತು. ನಾಲಗೆಗೆ ಸಿಹಿ ತಿಳಿಯದಷ್ಟು ತೆಳುವಾದ ಸ್ಯಾಕರಿನ್ ದ್ರಾವಣವನ್ನು ಬಾಯಲ್ಲಿ ಇರಿಸಿಕೊಂಡವರು, ಬಾದಾಮಿಯ ಕಂಪಿನ ಬೆಂಜಾಲ್ಡಿಹೈಡನ್ನು ಎಂದಿಗಿಂತ ಕಡಿಮೆ ಪ್ರಮಾಣದಲ್ಲಿಯೇ ಗುರುತಿಸಿದರು. ಸ್ಯಾಕರಿನ್ನಿನ ಬದಲು ಬರಿಯ ನೀರನ್ನಾಗಲಿ ಉಮಾಮಿ ರುಚಿಯ ವಸ್ತುವನ್ನಾಗಲಿ ಕೊಟ್ಟಾಗ ಈ ಪರಿಣಾಮ ಕಾಣಲಿಲ್ಲ. ಒಂದಕ್ಕೊಂದು ಹೊಂದುವ ರುಚಿ-ವಾಸನೆಗಳು ಮಾತ್ರ ಪರಸ್ಪರ ಬಲ ಕೊಡುತ್ತವೆ; ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಬಹುಪಾಲು ಊಟದ ಅಭ್ಯಾಸವೇ ಕಲಿಸುತ್ತದೆ. ಪಾಯಸ ಉಂಡು ಬೆಳೆದ ನಮಗೆ ಏಲಕ್ಕಿಯ ವಾಸನೆಯೇ ಸಿಹಿಯೆನಿಸುವುದರಲ್ಲಿ ಆಶ್ಚರ್ಯವಿಲ್ಲ.

2020ರಲ್ಲಿ ಕೋವಿಡ್ ಹಬ್ಬಿದಾಗ, ಮೂಗು ಕಟ್ಟದಿದ್ದರೂ ಅನೇಕರಿಗೆ ಊಟದ ಸ್ವಾದ ಹೋಯಿತು. ವೈರಸ್ಸು ವಾಸನೆಯ ನರಕೋಶಗಳಿಗೆ ಆಸರೆಯಾದ ಕೋಶಗಳನ್ನು ಕೆಡಿಸಿದ್ದು ಇದಕ್ಕೆ ಮುಖ್ಯ ಕಾರಣ. ಕೆಲವರಲ್ಲಿ ನಾಲಗೆಯ ಶಕ್ತಿಯೂ ಕುಂದಿತ್ತು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ: ಸಕ್ಕರೆ, ಉಪ್ಪು, ನಿಂಬೆರಸಗಳ ರುಚಿ ಸ್ಪಷ್ಟವಾಗಿದ್ದು, ಕಾಫಿ, ಏಲಕ್ಕಿಗಳ ಗುರುತು ಸಿಗದಿದ್ದರೆ ದೋಷ ಮೂಗಿನದು, ಸಕ್ಕರೆಯೂ ಉಪ್ಪೂ ಸಪ್ಪೆಯಾದರೆ ನಾಲಗೆಯದು. ನೆಗಡಿ ಕಳೆದ ಮೇಲೂ ವಾಸನೆ ಮರಳದಿದ್ದರೆ ವೈದ್ಯರಿಗೆ ತೋರಿಸಬೇಕು. ಅಂಥವರು ಹಳಸಿದ ಅನ್ನವನ್ನೂ ಸೋರುತ್ತಿರುವ ಅಡುಗೆ ಅನಿಲವನ್ನೂ ಅರಿಯಲಾರರು. ಅವರಿದ್ದ ಮನೆಯಲ್ಲಿ ಇನ್ನೊಬ್ಬರ ಮೂಗು ಅವರಿಗಾಗಿ ಎಚ್ಚರವಾಗಿರಬೇಕಾಗುತ್ತದೆ.