ಕಿಡ್ನಿ ಕಸಿಯಾದ ಮೇಲೆ ಶುಗರ್: ಸಂಜೆಯೂ ನೋಡಿ

ಕಿಡ್ನಿ ಕಸಿ ಮಾಡಿಸಿಕೊಂಡ 46 ವರ್ಷದ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ತಾಯಿಗೆ ಸಕ್ಕರೆ ಕಾಯಿಲೆ ಇತ್ತು, ಅವರಿಗೆ ಇರಲಿಲ್ಲ. ಕಸಿಯಾದ ಮೂರನೇ ವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿಸಿದ ಸಕ್ಕರೆ 96. ಮನೆಯವರಿಗೆ ನೆಮ್ಮದಿ. ಅದೇ ದಿನ ಸಂಜೆ ನಾಲ್ಕೂವರೆಗೆ, ಕಾಫಿ ಕುಡಿಯುವ ಮುಂಚೆ, ಗ್ಲುಕೋಮೀಟರ್ ತೋರಿಸಿದ್ದು 232. ಮಧ್ಯಾಹ್ನದ ಊಟ ಮುಗಿದು ಆಗಲೇ ಮೂರು ಗಂಟೆ ಕಳೆದಿತ್ತು. ಯಂತ್ರ ಕೆಟ್ಟಿರಬೇಕು ಎಂದುಕೊಂಡರೆ ತಪ್ಪು. ಎರಡೂ ಅಂಕಿ ಸರಿಯೇ.

ಕಾರಣ ಇರುವುದು ಬೆಳಗ್ಗೆ ತಿಂಡಿಯ ಜೊತೆ ನುಂಗುವ ಪ್ರೆಡ್ನಿಸೊಲೋನ್ ಮಾತ್ರೆಯಲ್ಲಿ. ಈ ಸ್ಟೀರಾಯ್ಡ್ ಯಕೃತ್ತಿನಿಂದ ಹೆಚ್ಚು ಸಕ್ಕರೆ ಹೊರಬರುವಂತೆ ಮಾಡುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತಿಗೆ ಕಿವಿಗೊಡದಂತೆಯೂ ಮಾಡುತ್ತದೆ. ಇದರ ಪ್ರಭಾವ ಮಾತ್ರೆ ತೆಗೆದುಕೊಂಡ ಕೆಲವು ಗಂಟೆಗಳ ಮೇಲೆ ಏರಿ, ಮಧ್ಯಾಹ್ನದಿಂದ ಸಂಜೆಯವರೆಗೆ ಜೋರಾಗಿದ್ದು, ರಾತ್ರಿ ಇಳಿಯುತ್ತದೆ. ಹಾಗಾಗಿ ಬೆಳಗಾಗುವಷ್ಟರಲ್ಲಿ ಸಕ್ಕರೆ ಸಭ್ಯವಾಗಿಬಿಟ್ಟಿರುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯನ್ನಷ್ಟೇ ನಂಬಿದವರು ಈ ಕಾಯಿಲೆಯನ್ನು ವಾರಗಟ್ಟಲೆ ಗುರುತಿಸದೇ ಹೋಗುವುದು ಇದರಿಂದಲೇ.

ಎರಡನೆಯ ಔಷಧಿ ಟ್ಯಾಕ್ರೊಲಿಮಸ್. ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕಾಯುವ ಮುಖ್ಯ ಮಾತ್ರೆ ಇದು. ಇದು ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳಿಂದ ಇನ್ಸುಲಿನ್ ಹೊರಬರುವುದನ್ನೇ ಕುಗ್ಗಿಸುತ್ತದೆ. ಒಂದು ಮಾತ್ರೆ ಇನ್ಸುಲಿನ್ ಬೇಡಿಕೆ ಹೆಚ್ಚಿಸಿದರೆ, ಇನ್ನೊಂದು ಅದರ ಪೂರೈಕೆ ಕಡಿಮೆ ಮಾಡುತ್ತದೆ. ಮೊದಲ ತಿಂಗಳುಗಳಲ್ಲಿ ಎರಡರ ಪ್ರಮಾಣವೂ ಹೆಚ್ಚು. ಹಳೆಯ ಔಷಧಿ ಸೈಕ್ಲೋಸ್ಪೋರಿನ್‌ನಿಂದಲೂ ಹೀಗಾಗಬಹುದು, ಆದರೆ ಕಡಿಮೆ. ಮೈಕೋಫಿನೊಲೇಟ್ ಮೇಲೆ ಈ ಆರೋಪವಿಲ್ಲ. ವಯಸ್ಸು, ತೂಕ, ಮನೆತನದಲ್ಲಿ ಸಕ್ಕರೆ ಕಾಯಿಲೆ ಇವು ಅಪಾಯ ಹೆಚ್ಚಿಸುತ್ತವೆ ನಿಜ. ಆದರೂ "ಮೈಸೂರು ಪಾಕ್ ತಿಂದೆಯಲ್ಲ, ಅದಕ್ಕೇ" ಎಂದು ರೋಗಿಯನ್ನು ಗದರುವುದು ಅನ್ಯಾಯ.

ಹಾಗಾದರೆ ಯಾವಾಗ ನೋಡಬೇಕು? ಆಸ್ಪತ್ರೆಯಲ್ಲಿರುವಾಗ ದಿನಕ್ಕೆ ಹಲವು ಬಾರಿ ನೋಡುತ್ತಾರೆ. ಮನೆಗೆ ಬಂದ ಮೇಲೆ ಮೊದಲ ವಾರಗಳಲ್ಲಿ ಬೆಳಗಿನ ಅಂಕಿಯ ಜೊತೆ ಮಧ್ಯಾಹ್ನದ ಊಟವಾದ ಎರಡು ಗಂಟೆಗೆ, ಇಲ್ಲವೇ ಸಂಜೆ ನಾಲ್ಕರ ಸುಮಾರಿಗೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಲ್ಯಾಬ್ ಪರೀಕ್ಷೆಯನ್ನು ಮೊದಲ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ರಕ್ತಹೀನತೆ ತೀವ್ರವಾಗಿದ್ದರೆ ಗ್ಲುಕೋಮೀಟರ್ ಸ್ವಲ್ಪ ಹೆಚ್ಚಾಗಿ ತೋರಿಸಬಹುದು; ಅನುಮಾನವಿದ್ದರೆ ಲ್ಯಾಬಿನ ಅಂಕಿಯೊಂದಿಗೆ ಹೋಲಿಸಿ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಈ ಹಂತದಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಕಸಿಯಾದವರಲ್ಲಿ ರಕ್ತ ಕೊಟ್ಟಿರುತ್ತಾರೆ, ಎರಿಥ್ರೋಪೊಯೆಟಿನ್ ಚುಚ್ಚುಮದ್ದು ನಡೆದಿರುತ್ತದೆ, ಹೊಸ ಕಿಡ್ನಿ ಹೊಸ ಕಣಗಳನ್ನು ಹುಟ್ಟಿಸುತ್ತಿರುತ್ತದೆ. ಎಳೆಯ ಕಣಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲ. ಆದ್ದರಿಂದ 6.5 ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳಿ; 5.6 ಬಂದರೆ ಸಕ್ಕರೆ ಇಲ್ಲವೆಂದು ಹಿಗ್ಗಬೇಡಿ.

ಮೊದಲ ವಾರಗಳಲ್ಲಿ ಏರಿದ ಸಕ್ಕರೆಗೆಲ್ಲ ಶಾಶ್ವತ ಕಾಯಿಲೆಯ ಹಣೆಪಟ್ಟಿ ಹಚ್ಚುವುದಿಲ್ಲ. ಔಷಧಿಗಳ ಪ್ರಮಾಣ ಇಳಿದು ದೇಹ ಒಂದು ಹದಕ್ಕೆ ಬರಲು ಸುಮಾರು ಮೂರು ತಿಂಗಳು ಬೇಕು. ಆಗ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವುದು ಅತ್ಯಂತ ನಂಬಲರ್ಹ ಪರೀಕ್ಷೆ. ಆ ಅಂಕಿ 200 ಅಥವಾ ಮೇಲಿದ್ದರೆ, ಅಥವಾ ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲಿದ್ದರೆ, ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡು ಸಕ್ಕರೆ ಕಾಯಿಲೆ ಎನ್ನುತ್ತಾರೆ.

ಅಲ್ಲಿಯವರೆಗೆ ಸುಮ್ಮನಿರಬೇಕೆಂದಲ್ಲ. ನಮ್ಮ ಉದಾಹರಣೆಯ ವ್ಯಕ್ತಿಗೆ ವೈದ್ಯರು ಬೆಳಗ್ಗೆ ಪ್ರೆಡ್ನಿಸೊಲೋನ್ ಹೊತ್ತಿಗೇ ಮಧ್ಯಮ ಅವಧಿಯ ಎನ್‌ಪಿಎಚ್ ಇನ್ಸುಲಿನ್ ಕೊಡಬಹುದು. ಅದು ಏರುವ ಹೊತ್ತೂ ಮಾತ್ರೆ ಏರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ರಾತ್ರಿ ಇನ್ಸುಲಿನ್ ಕೊಟ್ಟಿದ್ದರೆ ನಸುಕಿನಲ್ಲಿ ಸಕ್ಕರೆ ತೀರಾ ಇಳಿದುಬಿಡುವ ಭಯವಿತ್ತು. ಸ್ಟೀರಾಯ್ಡ್ ಇಳಿಸುತ್ತಾ ಬಂದಂತೆ ಇನ್ಸುಲಿನ್ ಕೂಡ ಇಳಿಸಬೇಕು, ಇಲ್ಲದಿದ್ದರೆ ಬೆವರು, ನಡುಕ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಟ್ಯಾಕ್ರೊಲಿಮಸ್ ಮಟ್ಟವನ್ನೂ ನೋಡಿಸುತ್ತಾರೆ; ಆ ರಕ್ತವನ್ನು ಬೆಳಗಿನ ಮಾತ್ರೆ ನುಂಗುವ ಮುಂಚೆಯೇ ಕೊಡಬೇಕು. ಭೇದಿಯಾದಾಗ, ಡಿಲ್ಟಿಯಾಜೆಮ್‌ನಂಥ ಬಿಪಿ ಮಾತ್ರೆ ಸೇರಿದಾಗ ಈ ಮಟ್ಟ ಏರಿ, ಜೊತೆಗೆ ಸಕ್ಕರೆಯೂ ಏರಬಹುದು.

ಸಕ್ಕರೆ ಹೆಚ್ಚಾಯಿತೆಂದು ಈ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ. ಕಸಿ ಮಾಡಿದ ಕಿಡ್ನಿಯೇ ಕೈತಪ್ಪಬಹುದು. ಒಂದು ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕ ಗಂಟೆ, ಊಟ, ಮಾತ್ರೆ ನುಂಗಿದ ಸಮಯ ಬರೆದಿಡಿ, ಮುಂದಿನ ಭೇಟಿಯಲ್ಲಿ ಅದನ್ನು ವೈದ್ಯರ ಮುಂದಿಡಿ.